ಅರ್ಜಿಯೊಡನೆ ಹೋಗುವ ಕಾಗದ

ಪರದೇಶದ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರು ಓದಿ ಬರಲಿಚ್ಛಿಸುವ ವಿದ್ಯಾರ್ಥಿಗಳು ಅರ್ಜಿಯೊಡನೆ ಲಗತ್ತಿಸಬೇಕಾದ ಕಾಗದವನ್ನು ತಂದು, "ಸರ್, ಒಮ್ಮೆ ಕಣ್ಣಾಡಿಸಿ ಕೊಡಿ" ಎಂದು ಕೇಳುವ ವಾಡಿಕೆ ನಾನು ನಿವೃತ್ತನಾದ ಮೇಲೂ ನಿಂತಿಲ್ಲ. ಇವುಗಳಲ್ಲಿ ಬಹುಪಾಲಿನವು ಸ್ತುತಿಯಿಂದ ಆರಂಭವಾಗಿ ಸ್ತುತಿಯಲ್ಲಿಯೇ ಪರ್ಯವಸಾನಗೊಳ್ಳುತ್ತವೆ. ಆ ವಿದ್ಯಾಸಂಸ್ಥೆಯ ಕೀರ್ತಿಯನ್ನು ಅಲ್ಲಿಯವರಿಗೇ ಅರುಹುವ ಉತ್ಸಾಹದಲ್ಲಿ, ಅವರಿಗೆ ನಿಜವಾಗಿ ತಿಳಿಯದ ಸಂಗತಿ, ಎಂದರೆ ಈ ಹುಡುಗ ಊರಿನಲ್ಲಿ ಏನನ್ನು ಓದಿದ್ದಾನೆ, ಆ ಓದು ಎಲ್ಲಿಗೆ ಬಂದು ನಿಂತಿದೆ ಎಂಬುದು, ಬಿಟ್ಟೇಹೋಗಿರುತ್ತದೆ.

ಈ ಕಾಗದಕ್ಕೆ ಓದುಗರು ಇಬ್ಬರು. ಅವರ ಅಪೇಕ್ಷೆಗಳೋ ಪರಸ್ಪರ ವಿರುದ್ಧ. ಊರಿನ ವಿಭಾಗಾಧ್ಯಕ್ಷರು ಅಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು ಇಲ್ಲಿಯ ಪದವಿಯ ಲೆಕ್ಕಕ್ಕೆ ಹಿಡಿಯಬೇಕಾದವರಾದ್ದರಿಂದ, ಅಲ್ಲಿಯ ಪಾಠ ಇಲ್ಲಿಯದನ್ನು ಎಷ್ಟರಮಟ್ಟಿಗೆ ಹೋಲುತ್ತದೆ ಎಂದು ನೋಡುತ್ತಾರೆ. ಆಯ್ಕೆ ಸಮಿತಿಯವರಾದರೋ, ಅದೇ ಪಾಠ ಊರಿನಲ್ಲಿ ದೊರೆಯುವುದಾದರೆ ಕಡಲು ದಾಟಿ ಬರುವ ಪ್ರಯಾಸವೇಕೆ ಎಂದು ಕೇಳುತ್ತಾರೆ. ಸಾದೃಶ್ಯವನ್ನಷ್ಟೇ ಹೇಳಿದರೆ ಪ್ರಯಾಣ ವ್ಯರ್ಥ, ಭೇದವನ್ನಷ್ಟೇ ಹೇಳಿದರೆ ಕ್ರೆಡಿಟ್ಟು ನಷ್ಟ. ಎರಡನ್ನೂ ಒಂದೇ ಪುಟದಲ್ಲಿ ಸಮಾಧಾನಗೊಳಿಸುವುದೇ ಈ ಕಾಗದದ ಕೆಲಸ.

ಉಳ್ಳಾಲದ ಕಡೆಯ ಒಬ್ಬ ಹುಡುಗ, ಜಲವಿಜ್ಞಾನದಲ್ಲಿ ಎಂ.ಟೆಕ್. ಓದುವವನು, ನೆದರ್ಲ್ಯಾಂಡ್ಸಿಗೆ ಹೋಗಲು ಬರೆದ ಕಾಗದವನ್ನೇ ನೋಡಬಹುದು. ಅವನು ಆರಿಸಿದ್ದ ಪಾಠಗಳಲ್ಲಿ ಒಂದು ಕಾಲುವೆಯ ಹರಿವಿಗೆ ಸಂಬಂಧಿಸಿದ್ದು. ಇಲ್ಲಿ ಓದಿ ತೇರ್ಗಡೆಯಾದ ವಿಷಯವೇ ಅದಾದುದರಿಂದ ಅದನ್ನು ತೆಗೆಸಿದೆ. ಉಳಿದವುಗಳಲ್ಲಿ ಸಂಖ್ಯಾತ್ಮಕ ವಿಧಾನಗಳ ಪಾಠ ಇಲ್ಲಿಯ ಕಡ್ಡಾಯ ಪಾಠಕ್ಕೆ ಪರ್ಯಾಯವಾಗತಕ್ಕದ್ದು. ಅದಕ್ಕೆ ಸಾದೃಶ್ಯವನ್ನು ಒಂದೇ ವಾಕ್ಯದಲ್ಲಿ ಹೇಳಿದರೆ ಸಾಕು. ಕಡಲತೀರದ ಮರಳಿನ ಚಲನೆಯನ್ನು ಕುರಿತ ಪಾಠವಾದರೋ ಇಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಅವನು "ನನ್ನ ಜ್ಞಾನದ ಪರಿಧಿಯನ್ನು ವಿಸ್ತರಿಸುವುದು" ಎಂದಷ್ಟೇ ಬರೆದಿದ್ದ. ಕೂಡಿಸಿಕೊಂಡು ಮಾತನಾಡಿದ ಮೇಲೆ ಅವನೇ ತಿದ್ದಿ ಬರೆದ ಒಕ್ಕಣೆಯ ತಾತ್ಪರ್ಯ ಇದು:

"ತೆರೆದ ಕಾಲುವೆಯಲ್ಲಿ ಹರಿಯುವ ನೀರಿನ ವೇಗವನ್ನು ಮ್ಯಾನಿಂಗನ ಸೂತ್ರದಿಂದ ಗಣಿಸುವುದನ್ನೂ, ಎಂಥ ಹರಿವಿಗೆ ತಳದ ಮರಳು ಅಲುಗತೊಡಗುವುದೆಂಬುದನ್ನೂ ಕಲಿತಿದ್ದೇನೆ. ಆದರೆ ಆ ಹರಿವು ಒಂದೇ ದಿಕ್ಕಿನದು. ನಮ್ಮೂರಿನ ದಡದಲ್ಲಿ ಮರಳನ್ನೊಯ್ಯುವವು ಓರೆಯಾಗಿ ಬಂದು ಬಡಿಯುವ ಅಲೆಗಳು. ಅವು ದಡದುದ್ದಕ್ಕೆ ಸಾಗಿಸುವ ಮರಳಿನ ಗಣನೆ ನಮ್ಮ ಪಠ್ಯಕ್ರಮದಲ್ಲಿಲ್ಲ, ತಮ್ಮ ಪಾಠದಲ್ಲಿದೆ. ಹಿಂದಿರುಗಿದ ಮೇಲೆ ನಾನು ಬರೆಯಬೇಕಾದ ಪ್ರಬಂಧಕ್ಕೆ ಆ ಗಣನೆಯೇ ಆಧಾರ."

ಇದರಲ್ಲಿ ಮೊದಲ ವಾಕ್ಯ, ಆ ಪಾಠಕ್ಕೆ ಬೇಕಾದ ಪೂರ್ವಸಿದ್ಧತೆ ಹುಡುಗನಿಗಿದೆ ಎಂಬ ಭರವಸೆಯನ್ನು ಕೊಡುತ್ತದೆ. ನಡುವಿನವು ಕೊರತೆ ಎಲ್ಲಿದೆ ಎಂಬುದನ್ನು ಬೆರಳಿಟ್ಟು ತೋರಿಸುತ್ತವೆ. ಕೊನೆಯದು ತಂದದ್ದನ್ನು ಎಲ್ಲಿ ವಿನಿಯೋಗಿಸುವನೆಂದು ಹೇಳಿ ಊರಿನ ವಿಭಾಗಾಧ್ಯಕ್ಷರನ್ನೂ ಒಲಿಸಿಕೊಳ್ಳುತ್ತದೆ. ದಡಕ್ಕೆ ಕಲ್ಲು ಸುರಿದು ಕಟ್ಟಿದ ತಡೆಗೋಡೆಯ ಬುಡದಲ್ಲಿ ಅಲೆಗಳು ಮರಳನ್ನು ಕೊರೆದು, ಕಲ್ಲುಗಳು ಮಳೆಗಾಲದಲ್ಲಿ ಕುಸಿಯುವುದನ್ನು ಬಾಲ್ಯದಿಂದ ಕಂಡವನಿಗೆ ಈ ಮಾತುಗಳನ್ನು ಬರೆಯಲು ಅಲಂಕಾರದ ಅಗತ್ಯವಿರಲಿಲ್ಲ.

ಕ್ರೆಡಿಟ್ಟಿನ ಲೆಕ್ಕದಲ್ಲಿ ಎಡವುವವರು ಹಲವರು. ಯೂರೋಪಿನಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್ಟು. ನೆದರ್ಲ್ಯಾಂಡ್ಸಿನಲ್ಲಿ ಒಂದು ಕ್ರೆಡಿಟ್ಟೆಂದರೆ, ಮನೆಯ ಓದನ್ನೂ ಕೂಡಿಸಿ, 28 ಗಂಟೆಗಳ ದುಡಿಮೆ. ನಮ್ಮಲ್ಲಿ ಸಾಮಾನ್ಯವಾಗಿ ವಾರಕ್ಕೊಂದು ಗಂಟೆಯ ಉಪನ್ಯಾಸಕ್ಕೆ ಒಂದು ಕ್ರೆಡಿಟ್ಟು. ಮನೆಯ ಓದು ಆ ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದ ಅಲ್ಲಿಯ ಐದಕ್ಕೂ ಇಲ್ಲಿಯ ನಾಲ್ಕಕ್ಕೂ ಅಂಕಿಯಿಂದಲೇ ತಾಳೆ ನೋಡುವುದು ಸಲ್ಲದು. ಪಾಠದ ವಿಷಯಗಳನ್ನೂ ಗಂಟೆಗಳನ್ನೂ ಎದುರುಬದುರಾಗಿ ಇಟ್ಟು ನೋಡಬೇಕು. ಈ ಕೋಷ್ಟಕಕ್ಕೆ ಲರ್ನಿಂಗ್ ಅಗ್ರಿಮೆಂಟ್ ಎಂಬ ಬೇರೆಯೇ ಪತ್ರವಿರುವುದರಿಂದ ಕಾಗದದೊಳಗೆ ಅದನ್ನು ತುರುಕಬೇಕಾದುದಿಲ್ಲ. ಆದರೆ ಎರಡರಲ್ಲಿಯೂ ಪಾಠಗಳ ಹೆಸರು ಒಂದೇ ಆಗಿರಬೇಕು, ಮತ್ತು ಹುಡುಗ ಅಲ್ಲಿರುವ ಅವಧಿಯಲ್ಲಿಯೇ ಆ ಪಾಠ ನಡೆಯುವುದೆಂದು ಖಚಿತಪಡಿಸಿಕೊಂಡಿರಬೇಕು. ವಸಂತದಲ್ಲಿ ಮಾತ್ರ ನಡೆಯುವ ಪಾಠವನ್ನು ಶರತ್ಕಾಲದ ಅರ್ಜಿಯಲ್ಲಿ ಹೊಗಳಿದವನು ಪಠ್ಯಕ್ರಮವನ್ನು ನೋಡಿಯೇ ಇಲ್ಲವೆಂಬುದು ಕ್ಷಣದಲ್ಲಿ ಬಯಲಾಗುತ್ತದೆ.

ಕಾಗದದ ಕಡೆಯ ವಾಕ್ಯದಲ್ಲಿ ನಮ್ಮ ಹುಡುಗ, ಹಿಂದಿರುಗಿ ಬಂದು ಉಳ್ಳಾಲದ ಕಡಲ್ಕೊರೆತವನ್ನು ಶಾಶ್ವತವಾಗಿ ನಿಲ್ಲಿಸುವುದಾಗಿ ಪ್ರತಿಜ್ಞೆ ಮಾಡಿದ್ದ. ಒಂದು ಮಳೆಗಾಲದ ಮುಂಚೆ ಮತ್ತು ಅನಂತರ ದಡದ ರೇಖೆಯನ್ನು ಅಳೆದು, ತನ್ನ ಗಣನೆಗೆ ಅದು ಹೊಂದುವುದೋ ಎಂದು ನೋಡುವೆನೆಂದಷ್ಟೇ ಬರೆಯಲು ಹೇಳಿದೆ. ಅವನ ಮುಖ ಕೊಂಚ ಬಾಡಿತು. ಜೈಡರ್ ಜೀ ಎಂಬ ಕೊಲ್ಲಿಯ ಬಾಯಿಗೆ 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಲು ಆ ಡಚ್ಚರಿಗೇ 1927ರಿಂದ 1932ರವರೆಗೆ ಹಿಡಿಯಿತೆಂದೂ, ಅಂಥವರ ಮುಂದೆ ಒಂದು ಸೆಮಿಸ್ಟರಿನಲ್ಲಿ ಸಮುದ್ರವನ್ನು ಗೆಲ್ಲುವ ಮಾತಾಡುವುದು ಕ್ಷೇಮಕರವಲ್ಲವೆಂದೂ ತಿಳಿಸಿದ ಮೇಲೆ, ನಗುತ್ತ ಆ ವಾಕ್ಯವನ್ನು ತಾನೇ ಹೊಡೆದುಹಾಕಿದ.