ಬಚ್ಚಲೊಲೆಯ ಮುಂದೆ ಎಳೆದ ಗೆರೆ

ಅಮ್ಮನ ವರ್ಷಾಂತಿಕ ಮುಗಿದ ರಾತ್ರಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆ, ಹೊರಗೆ ಜಡಿಮಳೆ. ಅಣ್ಣ, ಅಕ್ಕ, ನಾನು, ತಮ್ಮ ನಾಲ್ವರೂ ಬಚ್ಚಲೊಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದೆವು. ಮನೆ ಪಾಲಿನ ಮಾತು ತೆಗೆದವನು ತಮ್ಮ.

“ನಡುವೆ ಗೋಡೆ ಎಬ್ಬಿಸಿದರಾಯ್ತಲ್ಲ?”

ಅಕ್ಕ ಇದ್ದಿಲು ತಗೊಂಡು ನೆಲದ ಮೇಲೇ ಮನೆಯ ನಕ್ಷೆ ಬರೆದಳು. ಗೋಡೆಯ ಗೆರೆ ಎಲ್ಲಿ ಎಳೆದರೂ ಒಂದು ಪಾಲಿಗೆ ಬಾವಿ ಇಲ್ಲ, ಇನ್ನೊಂದಕ್ಕೆ ಅಡಿಗೆಮನೆ ಇಲ್ಲ. ಮಾರೋಣವೆಂದರೆ ಅಣ್ಣ ಅಲ್ಲೇ ಬಾಳುತ್ತಿದ್ದವನು, ಸುಮ್ಮನಾದ.

ಜೊತೆಗಿದ್ದ ಚಿಕ್ಕಪ್ಪ, “ನಿಮ್ಮಪ್ಪ 2005ಕ್ಕೂ ಮುಂಚೆ ಹೋದದ್ದು. ಹೆಣ್ಣುಮಕ್ಕಳಿಗೆ ಪಾಲಿಲ್ಲ. ಅರಿಶಿನ-ಕುಂಕುಮಕ್ಕೆ ಒಂದಿಷ್ಟು ಕೊಟ್ಟು ಸಹಿ ಹಾಕಿಸ್ಕೊಳಿ” ಎಂದರು. ಮರುದಿನ ವಕೀಲರು ಅದನ್ನು ಬಿಡಿಸಿ ಹೇಳಿದರು. 2005ರ ತಿದ್ದುಪಡಿ ಪಿತ್ರಾರ್ಜಿತದ ಮಾತು. ಈ ಮನೆ ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿದ್ದು, ಉಯಿಲೂ ಇಲ್ಲ. ಅಂಥದ್ದರಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೆಂಡತಿಗೂ ಗಂಡು-ಹೆಣ್ಣು ಮಕ್ಕಳಿಗೂ ಸಮಪಾಲು ಕೊಟ್ಟಿದೆ. ಅಮ್ಮನದೂ ಈಗ ನಮಗೇ ಬಂದು, ನಾಲ್ಕು ಸಮಪಾಲು.

ಆಗ ಅಕ್ಕ ಒಂದು ದಾರಿ ಹೇಳಿದಳು. “ಹೊರಗಿನವರು 40 ಲಕ್ಷಕ್ಕೆ ಕೇಳಿದಾರೆ. ಅದಕ್ಕಿಂತ ಕಡಿಮೆಗೆ ಬೇಡ. ಮನೆ ಬೇಕೆನ್ನುವವರು ಚೀಟಿಯಲ್ಲಿ ಬೆಲೆ ಬರೆದು ಮಡಚಿಡಲಿ. ಹೆಚ್ಚು ಬರೆದವರು ಅದೇ ಬೆಲೆಗೆ ತಗೋಬೇಕು. ಆಮೇಲೆ ಹಿಂದೆ ಸರಿಯೋ ಹಾಗಿಲ್ಲ.”

ಕಡಿಮೆ ಬರೆದರೆ ಮನೆ ಕೈತಪ್ಪುತ್ತದೆ, ಹುಸಿಗೆ ಹೆಚ್ಚು ಬರೆದರೆ ದುಡ್ಡು ಕೊಡಬೇಕಾಗುತ್ತದೆ. ತಮ್ಮ 44 ಬರೆದಿದ್ದ, ಅಣ್ಣ 48. ಅಂದರೆ ಪಾಲು 12 ಲಕ್ಷ, ಅಣ್ಣ ಮೂವರಿಗೂ ಸೇರಿ ಕೊಡಬೇಕಾದದ್ದು 36. ಕರಾರಿನ ದಿನ 12 ಲಕ್ಷ, ಅಡಿಕೆ ಮಾರಿ ಎಂಟು ತಿಂಗಳೊಳಗೆ ಉಳಿದದ್ದು. ಆಗದಿದ್ದರೆ ಮನೆ ಹೊರಗಿನವರಿಗೆ, ಬಂದದ್ದು ನಾಲ್ಕು ಪಾಲು. ಈ ಕೊನೆಯ ಸಾಲನ್ನು ಬರೆಸಿದವನು ಅಣ್ಣನೇ.

ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಮುಗಿಸೋಣವೆಂದಿದ್ದೆವು. ವಕೀಲರು ತಡೆದರು. ಅದು ಮನೆಮಂದಿಯ ಒಪ್ಪಂದವಾದೀತು, ಹಕ್ಕು ಮಾತ್ರ ಹಸ್ತಾಂತರವಾಗದು, ನಾಳೆ ಬ್ಯಾಂಕೂ ಮೂಸಿ ನೋಡದು ಎಂದರು. ಹಾಗಾಗಿ ವಂಶವೃಕ್ಷ ಮಾಡಿಸಿ, ಖಾತೆಯನ್ನು ಮೊದಲು ನಾಲ್ವರ ಹೆಸರಿಗೆ ತಂದೆವು. ಕೊನೆಯ ಕಂತು ಬ್ಯಾಂಕ್ ಖಾತೆಗೆ ಬಿದ್ದ ಮೇಲೆಯೇ ಮೂವರೂ ಉಪನೋಂದಣಿ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟದ್ದು.

ಏಳನೇ ತಿಂಗಳಿಗೇ ಅಣ್ಣ ತೀರಿಸಿದ. ಸಹಿ ಹಾಕಿ ಊಟಕ್ಕೆಂದು ಮನೆಗೆ ಬಂದರೆ, ಬಚ್ಚಲೊಲೆಯ ಮುಂದೆ ಅಕ್ಕನ ಇದ್ದಿಲ ಗೆರೆ ಇನ್ನೂ ಮಸುಕಾಗಿ ಕಾಣುತ್ತಿತ್ತು. “ಎಷ್ಟು ಉಜ್ಜಿದರೂ ಹೋಗ್ಲಿಲ್ಲ ಮಾರಾಯ್ತಿ” ಎಂದರು ಅತ್ತಿಗೆ.