ಹನ್ನೊಂದು ಹೆಜ್ಜೆ

ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ, ಬೆಳಗಿನ ಐದೂವರೆಗೆ ನೀರು. ಜೂನ್ 9ರಂದು ಹಿಡಿದ ಮೊದಲ ಎರಡು ಕೊಡ ಚರಂಡಿ ನಾರಿದವು. ಮೂರನೆಯದರಿಂದ ತಿಳಿನೀರು. 12ಕ್ಕೂ ಅದೇ, 15ಕ್ಕೂ ಅದೇ. ಅಂದೇ ಪೌರಾಯುಕ್ತರಿಗೆ ಅರ್ಜಿ ಬರೆಯಲು ಕೂತೆ.

‘ನಮ್ಮ ಬಡಾವಣೆಯಲ್ಲಿ ಕಲುಷಿತ ನೀರು ಬರುತ್ತಿದ್ದು, ಸಾರ್ವಜನಿಕರಿಗೆ ತೀವ್ರ ತೊಂದರೆಯಾಗಿರುತ್ತದೆ. ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’

ನನಗೇನೋ ಗಂಭೀರವಾಗಿಯೇ ಕಂಡಿತು. ಪಕ್ಕದ ಮನೆಯ ರಾಯರು ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿದವರು. ಓದಿ ಕನ್ನಡಕ ತೆಗೆದರು.

“ಬಡಾವಣೆ ಅಂದ್ರೆ ಎಲ್ಲಿ ಅಗೀಬೇಕು ಅವ್ರು? ಫೈಲು ಕಟ್ಟಿಡೋದೂ ಸೂಕ್ತ ಕ್ರಮಾನೇ ಕಣ್ರೀ.”

ಇಬ್ಬರೂ ಬೀದಿಗಿಳಿದು ಮನೆಮನೆ ವಿಚಾರಿಸಿದೆವು. ಹಿಟ್ಟಿನ ಗಿರಣಿಯವರೆಗೆ ಯಾರಿಗೂ ವಾಸನೆಯಿಲ್ಲ. ಅದರಾಚೆಯ ಆರು ಮನೆಗೂ ಇದೆ. ಗಿರಣಿಯ ಬಳಿಯೇ ನೀರಿನ ಕಬ್ಬಿಣದ ಪೈಪು ಚರಂಡಿಯೊಳಗೆ ಮುಳುಗಿ ಆಚೆ ದಾಟುತ್ತದೆ. ನೀರು ಬಿಟ್ಟಾಗ ಒತ್ತಡಕ್ಕೆ ತೂತಿನಿಂದ ಹೊರಗೆ ಸೋರುತ್ತದೆ, ಅಷ್ಟೇ. ವಾಲ್ವ್ ಮುಚ್ಚಿದ ಮೇಲೆ ಪೈಪು ಬರಿದಾಗುತ್ತ ಅದೇ ತೂತಿನಿಂದ ಚರಂಡಿಯನ್ನು ಒಳಗೆಳೆದುಕೊಳ್ಳುತ್ತದೆ. ಹೀಗೆ ಒಳಗೆ ಕೂತದ್ದೇ ಮುಂದಿನ ಸರದಿಯಲ್ಲಿ ಮೊದಲು ಬರುವುದು. ನಮ್ಮ ಎರಡು ಕೊಡದ ಲೆಕ್ಕ ಸರಿಹೋಯಿತು.

ಅರ್ಜಿ ಹೊಸದಾಯಿತು. ಸ್ಥಳ: ನಾಲ್ಕನೇ ಅಡ್ಡರಸ್ತೆ, ಗಿರಣಿ ಎದುರಿನ ವಿದ್ಯುತ್ ಕಂಬದಿಂದ ಪೂರ್ವಕ್ಕೆ ಹನ್ನೊಂದು ಹೆಜ್ಜೆ. ಮೂರೂ ತಾರೀಖು, ಆರು ಮನೆಗಳ ನಂಬರು. ಕೋರಿಕೆ: ಚರಂಡಿ ದಾಟುವ ತುಂಡನ್ನು ಬದಲಿಸಿ, ಕೊಳಚೆ ತಾಗದಷ್ಟು ಮೇಲೆ ಒಯ್ಯಬೇಕು. ಆಮೇಲೆ ಲೈನು ತೊಳೆದು, ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಮಾದರೂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಬೇಕು. ‘ತೀವ್ರ’ ಎಂಬ ಪದವನ್ನು ರಾಯರು ಹೊಡೆದುಹಾಕಿದರು. ನನಗದು ಇಷ್ಟವಾಗಿತ್ತು. ಎರಡು ಪ್ರತಿ ಒಯ್ದು, ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಬರೆಸಿಕೊಂಡೆ.

ಎಂಟನೇ ದಿನ ಇಬ್ಬರು ಹಾರೆ ಹಿಡಿದು ಬಂದರು. ಉದ್ದನೆಯವನು ಕಂಬದಿಂದ ಹೆಜ್ಜೆ ಎಣಿಸಿ, ಒಂದು ಮಾರು ಮುಂದೆ ಹೋಗಿ ಚಪ್ಪಡಿ ಎತ್ತಿದ. ಪೈಪೇ ಇಲ್ಲ.

“ಸಾರ್, ಈ ಹೆಜ್ಜೆ ಯಾರ್ದು?”

ನಾನು ಐದಡಿ ಎರಡಂಗುಲದವನು. ತಲೆ ತಗ್ಗಿಸಿ ನಾನೇ ಎಣಿಸಿ ತೋರಿಸಿದೆ. ರಾಯರು ಒಳಗಿನಿಂದ ಟೇಪು ತಂದು, ನಮ್ಮ ಪ್ರತಿಯಲ್ಲಿ ‘ಹೆಜ್ಜೆ’ ಹೊಡೆದು ‘ಇಪ್ಪತ್ತೆರಡು ಅಡಿ’ ಎಂದು ಬರೆದುಕೊಂಡರು.

ಅಲ್ಲಿನ ಚಪ್ಪಡಿಯಡಿ ತುಕ್ಕು ತಿಂದ ಪೈಪು ಸಿಕ್ಕಿತು. ಅದರ ತೂತಿಗೆ ಕಿರುಬೆರಳು ಸಲೀಸಾಗಿ ಹೋಗುತ್ತಿತ್ತು.

ಪೈಪು ಬದಲಿಸಿದ ಮೇಲಿನ ಸರದಿಗೆ ಮೊದಲ ಕೊಡಕ್ಕೇ ಮೂಗಿಟ್ಟೆ. ಘಾಟು ಬ್ಲೀಚಿಂಗ್ ಪೌಡರಿನ ವಾಸನೆ. “ಇದಕ್ಕೂ ಒಂದು ಅರ್ಜಿ ಬರೀತೀರಾ?” ಎಂದಳು ಹೆಂಡತಿ.