ವಿಕಟಕವಿಯ ಐದು ಚೀಟಿ

ಆಫೀಸಿನ ರಾಜ್ಯೋತ್ಸವಕ್ಕೆ ನಮ್ಮ ಟೀಮಿನಿಂದ ಒಂದು ಆಟದ ಸ್ಟಾಲ್ ಹಾಕಿದ್ವಿ. ಬಂದ ದುಡ್ಡಲ್ಲಿ ಒಂದು ಸರ್ಕಾರಿ ಶಾಲೆಗೆ ಕಥೆ ಪುಸ್ತಕ ಕೊಡಿಸೋದು ಅಂತ ಪ್ಲಾನು. ಆಟ ತುಂಬಾ ಸರಳ. ಐದು ರಟ್ಟಿನ ಚೀಟಿ, ಒಂದೊಂದರ ಮೇಲೆ ಒಂದು ಅಕ್ಷರ: ವಿ, ಕ, ಟ, ಕ, ವಿ. ತೆನಾಲಿ ರಾಮಕೃಷ್ಣನ ಬಿರುದು, ಹಿಂದಿನಿಂದ ಓದಿದರೂ ಅದೇ. ಹತ್ತು ರೂಪಾಯಿ ಕೊಟ್ಟು, ಕಣ್ಣು ಮುಚ್ಚಿ ಚೀಟಿ ಕಲಸಿ, ಸಾಲಾಗಿ ಇಡಬೇಕು. ಒಂದೇ ಅಕ್ಷರ ಎಲ್ಲೂ ಪಕ್ಕಪಕ್ಕ ಬರದಿದ್ದರೆ ನಲವತ್ತು ರೂಪಾಯಿ ಬಹುಮಾನ.

ಈ ನಲವತ್ತನ್ನು ನಿಗದಿ ಮಾಡಿದ್ದು ನಾನು. ಪಿಯುಸಿಯಲ್ಲಿ ಕಲಿತಿದ್ದು ನೆನಪಿತ್ತು, ಲೆಕ್ಕ ಅಂದ್ರೆ ನಾನೇ ಅಂತ ಸ್ವಲ್ಪ ಜಂಭವೂ ಇತ್ತು.

ಐದು ಬೇರೆ ಬೇರೆ ಅಕ್ಷರಗಳಾಗಿದ್ದರೆ ಜೋಡಿಸುವ ರೀತಿ 5×4×3×2×1, ಅಂದರೆ 120. ಆದರೆ ಇಲ್ಲಿ ಎರಡು ‘ಕ’ ಚೀಟಿಗಳನ್ನು ಅದಲುಬದಲು ಮಾಡಿದರೆ ಮೇಜಿನ ಮೇಲಿನ ಪದ ಬದಲಾಗಲ್ಲ. ಆದ್ದರಿಂದ 120ರಲ್ಲಿ ಪ್ರತಿ ಪದವೂ ‘ಕ’ದ ದೆಸೆಯಿಂದ ಎರಡು ಸಲ, ‘ವಿ’ಯ ದೆಸೆಯಿಂದ ಮತ್ತೆ ಎರಡು ಸಲ, ಒಟ್ಟು ನಾಲ್ಕು ಸಲ ಎಣಿಕೆಯಾಗಿದೆ. ನಾಲ್ಕರಿಂದ ಭಾಗಿಸಿದರೆ 30. ಇದು ಸರಿ. ಎಲ್ಲ ಪದಗಳೂ ಕರೆಕ್ಟಾಗಿ ನಾಲ್ಕು ಸಲವೇ ಬರೋದರಿಂದ ಮೂವತ್ತಕ್ಕೂ ಸಮಾನ ಅವಕಾಶ ಇದೆ ಅನ್ನೋದೂ ಸರಿ. ಇದಿಲ್ಲದಿದ್ದರೆ ಮೂವತ್ತರಲ್ಲಿ ಇಷ್ಟು ಅಂತ ಸಂಭವನೀಯತೆ ಹೇಳೋಕೇ ಬರ್ತಿರಲಿಲ್ಲ.

ಆಮೇಲೆ ಎರಡು ‘ಕ’ ಪಕ್ಕಪಕ್ಕ ಬರುವುದು ಎಷ್ಟು ಅಂತ ನೋಡಿದೆ. ಅವೆರಡನ್ನೂ ಅಂಟಿಸಿ ಒಂದೇ ಚೀಟಿ ಅಂದುಕೊಂಡರೆ ಉಳಿಯೋದು ನಾಲ್ಕು ಚೀಟಿ: ಕಕ, ಟ, ವಿ, ವಿ. ನಾಲ್ಕನ್ನು ಜೋಡಿಸುವ ರೀತಿ 24, ಎರಡು ‘ವಿ’ ಇರೋದರಿಂದ ಅದರಲ್ಲಿ ಅರ್ಧ, 12. ಹಾಗೇ ‘ವಿ’ಗಳು ಪಕ್ಕಪಕ್ಕ ಬರುವುದೂ 12. ಮೂವತ್ತರಲ್ಲಿ ಇಪ್ಪತ್ನಾಲ್ಕು ಹೋದರೆ 6. ಗೆಲ್ಲುವ ಅವಕಾಶ ಐದರಲ್ಲಿ ಒಂದು. ಐದು ಜನ ಆಡಿದರೆ ಐವತ್ತು ಬರುತ್ತೆ, ನಲವತ್ತು ಹೋಗುತ್ತೆ, ಹತ್ತು ಉಳಿಯುತ್ತೆ. ಭೇಷ್ ಅಂದುಕೊಂಡು ಬೋರ್ಡ್ ಬರೆಸಿದೆ.

ಮಧ್ಯಾಹ್ನದ ಹೊತ್ತಿಗೆ ಜೊತೆಗಿದ್ದವನು, ‘ಮಗಾ, ಜನ ಜಾಸ್ತಿ ಗೆಲ್ತಾ ಇದಾರಲ್ಲೋ’ ಅಂದ. ‘ಲಕ್ ಕಣೋ, ಸಂಜೆ ಹೊತ್ತಿಗೆ ಸರಿಹೋಗುತ್ತೆ’ ಅಂದೆ. ಸಂಜೆಗೆ 60 ಜನ ಆಡಿದ್ದರು, 25 ಜನ ಗೆದ್ದಿದ್ದರು. ನನ್ನ ಲೆಕ್ಕದ ಪ್ರಕಾರ 12ರ ಆಸುಪಾಸು ಗೆಲ್ಲಬೇಕಿತ್ತು. ಬಂದಿದ್ದು 600, ಹೋಗಿದ್ದು 1000. ಮಕ್ಕಳ ಪುಸ್ತಕದ ಡಬ್ಬಿಗೆ ನಾವೇ ನಾನೂರು ತುಂಬಬೇಕಾಯ್ತು.

ರಾತ್ರಿ ಮನೆಗೆ ಬಂದು, ಲಕ್ಕೋ ಲೆಕ್ಕವೋ ನೋಡೇಬಿಡೋಣ ಅಂತ ಲ್ಯಾಪ್‌ಟಾಪ್ ತೆಗೆದೆ. ಎರಡೇ ಸಾಲು ಪೈಥಾನ್. ಎಲ್ಲ ಜೋಡಣೆಗಳನ್ನೂ ಮಾಡಿಸಿ, ಒಂದೇ ಥರದವನ್ನು ಒಂದೇ ಸಲ ಎಣಿಸೋದು:

```
from itertools import permutations
print(len(set(permutations("ವಿಕಟಕವಿ"))))
```

ಉತ್ತರ 630. ಮೂವತ್ತು ಬರಬೇಕಾದ ಕಡೆ ಆರುನೂರ ಮೂವತ್ತು! ಯಾವುದನ್ನು ಸರಿ ಅಂತ ನಂಬಿದ್ದೆನೋ ಅದೇ ತಪ್ಪಿದಂತೆ ಕಂಡು ಹತ್ತು ನಿಮಿಷ ತಲೆ ಕೆಟ್ಟಿತು.

ಪಟ್ಟಿಯನ್ನು ಪ್ರಿಂಟ್ ಮಾಡಿಸಿದಾಗ ಗೊತ್ತಾಯ್ತು. ನಮಗೆ ‘ವಿ’ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಎರಡು: ‘ವ’ ಮತ್ತು ಅದಕ್ಕೆ ಹತ್ತುವ ಗುಡಿಸು. ಯುನಿಕೋಡ್‌ನಲ್ಲಿ ಕಾಗುಣಿತದ ಚಿಹ್ನೆಗೆ ಬೇರೆಯದೇ ಸಂಖ್ಯೆ. ಹಾಗಾಗಿ ಅದು ಕಂಡದ್ದು ಏಳು ಚೀಟಿ: ಎರಡು ‘ವ’, ಎರಡು ‘ಕ’, ಒಂದು ‘ಟ’, ಎರಡು ಗುಡಿಸು. ಏಳನ್ನು ಜೋಡಿಸುವ ರೀತಿ 5040, ಮೂರು ಜೋಡಿ ಇರೋದರಿಂದ ಎರಡರಿಂದ ಮೂರು ಸಲ ಭಾಗಿಸಿದರೆ 630. ಕಂಪ್ಯೂಟರಿನ ಎಣಿಕೆ ತಪ್ಪಿರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ಆ ಪಟ್ಟಿಯಲ್ಲಿ ಗುಡಿಸು ವ್ಯಂಜನವೇ ಇಲ್ಲದೆ ಮೊದಲಿಗೆ ತೂಗಾಡುವ ಸಾಲುಗಳಿದ್ದವು, ಎರಡು ಗುಡಿಸು ಒಂದರ ಮೇಲೊಂದು ಬಿದ್ದವೂ ಇದ್ದವು. ಓದೋಕೆ ಬರುವಂಥವು 300 ಮಾತ್ರ: ಐದು ವ್ಯಂಜನಗಳ 30 ಜೋಡಣೆ, ಒಂದೊಂದರಲ್ಲೂ ಗುಡಿಸು ಹತ್ತಬಹುದಾದ ಎರಡು ಜಾಗ ಆರಿಸಲು 10 ರೀತಿ. ಅದರಲ್ಲೂ ‘ಕಿ’, ‘ಟಿ’ ಅಂತ ನಮ್ಮ ಚೀಟಿಯಲ್ಲೇ ಇಲ್ಲದ ಅಕ್ಷರಗಳು ಬಂದಿದ್ದವು. ಗುಡಿಸು ಎರಡೂ ‘ವ’ಗೇ ಹತ್ತಿದವು ಮಾತ್ರ ನಮ್ಮವು, ಆ ಹಳೇ 30. (ಇದೇ ಕಾರಣಕ್ಕೆ ಈ ಪದವನ್ನು ಕೋಡ್‌ನಲ್ಲಿ ಸುಮ್ಮನೆ ತಿರುಗಿಸಿ ಹೋಲಿಸಿದರೆ, ಕಂಪ್ಯೂಟರು ವಿಕಟಕವಿಯನ್ನು ವಿಕಟಕವಿ ಅಲ್ಲ ಅಂತ ಹೇಳುತ್ತೆ. ತೆನಾಲಿಗೆ ಇದು ಖುಷಿ ಕೊಡ್ತಿತ್ತೇನೋ.)

ಪದದ ಬದಲು `["ವಿ","ಕ","ಟ","ಕ","ವಿ"]` ಅಂತ ಪಟ್ಟಿ ಕೊಟ್ಟೆ. 30 ಬಂತು, ಉಸಿರು ಬಂತು. ಆಮೇಲೆ ಪಕ್ಕಪಕ್ಕ ಒಂದೇ ಅಕ್ಷರ ಇಲ್ಲದವನ್ನು ಮಾತ್ರ ಎಣಿಸಿದೆ. ಆರಲ್ಲ, 12.

ಹಾಗಾದರೆ ಆ ಇನ್ನಾರು ಎಲ್ಲಿದ್ದವು? ಪಟ್ಟಿ ಹಿಡಿದು ಕೂತೆ. ‘ಕಕಟವಿವಿ’ ಕಣ್ಣಿಗೆ ಬಿತ್ತು. ‘ಕ’ಗಳು ಪಕ್ಕಪಕ್ಕ ಇವೆ ಅಂತ ಇದನ್ನು ಒಂದು ಸಲ ಕಳೆದಿದ್ದೆ. ‘ವಿ’ಗಳು ಪಕ್ಕಪಕ್ಕ ಇವೆ ಅಂತ ಇನ್ನೊಂದು ಸಲ ಕಳೆದಿದ್ದೆ. ಒಂದೇ ಸಾಲನ್ನು ಎರಡು ಸಲ ಹೊರಗೆ ಹಾಕಿದ್ದೆ. ಇಂಥವು ಎಷ್ಟು? ಕಕ, ವಿವಿ, ಟ ಅಂತ ಮೂರು ಗಂಟು, ಅವುಗಳ ಜೋಡಣೆ 6. ಎರಡನೇ ಸಲ ಕಳೆದಿದ್ದನ್ನು ವಾಪಸ್ ಸೇರಿಸಿದರೆ 30−12−12+6, ಅಂದರೆ 12. ಗೆಲ್ಲುವ ಅವಕಾಶ ಐದರಲ್ಲಿ ಎರಡು. 60 ಜನರಲ್ಲಿ ಸರಾಸರಿ 24 ಜನ ಗೆಲ್ಲಬೇಕಿತ್ತು, 25 ಜನ ಗೆದ್ದಿದ್ದರು. ಲಕ್ ನಮ್ಮ ವಿರುದ್ಧ ಇರಲೇ ಇಲ್ಲ. ಬಹುಮಾನ ಇಪ್ಪತ್ತು ಇಟ್ಟಿದ್ದರೆ ನೂರು ರೂಪಾಯಿ ಉಳೀತಿತ್ತು.

ಮರುದಿನ ಕ್ಯಾಂಟೀನಲ್ಲಿ ಇದನ್ನೆಲ್ಲ ಹೇಳಿದಾಗ ಗೆಳೆಯ, ‘ಮುಂದಿನ ವರ್ಷ ಎರಡೂ ಕಡೆಯಿಂದ ಒಂದೇ ಥರ ಓದೋ ಹಾಗೆ ಬಂದರೆ ಮಾತ್ರ ಬಹುಮಾನ ಅಂತ ಇಡೋಣ’ ಅಂದ. ಟಿಶ್ಯೂ ಪೇಪರ್ ಮೇಲೆ ಲೆಕ್ಕ ಹಾಕಿದ. ಒಂದೇ ಇರೋ ‘ಟ’ ನಡುವೆಯೇ ಬರಬೇಕು, ಆದ್ದರಿಂದ ವಿಕಟಕವಿ, ಕವಿಟವಿಕ ಎರಡೇ ಸಾಧ್ಯ. ‘ಒಟ್ಟು 120, ಅದರಲ್ಲಿ ಎರಡು. ಅರವತ್ತರಲ್ಲಿ ಒಂದು! ಮುನ್ನೂರು ರೂಪಾಯಿ ಬಹುಮಾನ ಇಡಬಹುದು ಗುರು.’

ಮೇಲೆ ಪದಗಳನ್ನು ಎಣಿಸಿ, ಕೆಳಗೆ ಚೀಟಿಗಳನ್ನು ಎಣಿಸಿದ್ದ. ಕೆಳಗೆ 120 ಇಟ್ಟರೆ ಮೇಲೆ ಎರಡಕ್ಕೂ ನಾಲ್ಕು ನಾಲ್ಕು, ಎಂಟು ಬರಬೇಕು. ಕೆಳಗೆ 30 ಇಟ್ಟರೆ ಮೇಲೆ 2. ಹೇಗೆ ಮಾಡಿದರೂ ಹದಿನೈದರಲ್ಲಿ ಒಂದು. 60 ಜನ ಆಡಿದರೆ ನಾಲ್ಕು ಜನ ಗೆಲ್ಲೋದು, ಮುನ್ನೂರರಂತೆ ಕೊಟ್ಟರೆ 1200 ಹೋಗೋದು, ಬರೋದು ಅದೇ 600.

ನಾನು ಟಿಶ್ಯೂ ತಿರುಗಿಸಿ ಹಿಂದುಗಡೆ ‘ಬಹುಮಾನ: 100’ ಅಂತ ಬರೆದು ಅವನ ಜೇಬಿಗೆ ತುರುಕಿದೆ.